ಸಹಾಯ ಬೇಕು: ಮೋಡಿ ಲಿಪಿಯ ಹಳೇ ಪುಟಗಳನ್ನು ಕನ್ನಡಕ್ಕೆ ತರಲು

ಎಲ್ಲರಿಗೂ ನಮಸ್ಕಾರ. ಕಾರವಾರದ ನಮ್ಮ ಮನೆಯಲ್ಲಿ ಅಜ್ಜನ ಕೈಬರಹದ ಜಮಾಖರ್ಚಿನ ವಹಿ ಇದೆ. ಭಾಷೆ ಮರಾಠಿ, ಲಿಪಿ ಮೋಡಿ. ಎರಡು ಪುಟಗಳ ಫೋಟೋ ಹಾಕಿದ್ದೇನೆ. ಮೋಡಿ ಓದಲು ಬರುವವರು ಯಾರಾದರೂ ಕನ್ನಡಕ್ಕೆ ಮಾಡಿಕೊಡುತ್ತೀರಾ?

ಒಂದೇ ವಿನಂತಿ: ಓದಲಾಗದ ಶಬ್ದವನ್ನು ದಯವಿಟ್ಟು ಊಹಿಸಬೇಡಿ. ಮೋಡಿಯಲ್ಲಿ ಶಬ್ದಗಳ ನಡುವೆ ಜಾಗ ಬಿಡುವುದಿಲ್ಲ, ಹ್ರಸ್ವ-ದೀರ್ಘ ಇಕಾರ ಉಕಾರಗಳ ವ್ಯತ್ಯಾಸವೂ ಇರುವುದಿಲ್ಲ. ಹಾಗಾಗಿ ಸಂದರ್ಭ ನೋಡಿ ತುಂಬಿದ ಶಬ್ದ ಸರಿಯಾದದ್ದೇ ಅನಿಸಿಬಿಡುತ್ತದೆ, ಆಮೇಲೆ ಅದು ಊಹೆಯೆಂದು ಯಾರಿಗೂ ಗೊತ್ತಾಗುವುದಿಲ್ಲ.

ಮೊದಲ ಪುಟದ ನಾಲ್ಕನೇ ಸಾಲನ್ನೇ ನೋಡಿ. ಯಾರಿಗೋ ತೆಂಗಿನಕಾಯಿ ಕೊಟ್ಟ ಲೆಕ್ಕ. ಹೆಸರಿನ ಮೇಲೆ ಮಳೆನೀರಿನ ಕಲೆ. ಅದನ್ನು ಹೀಗೆ ಬರೆದರೆ ಸಾಕು: "[ಓದಲಾಗದು, ಸುಮಾರು 3 ಅಕ್ಷರ] ಇವರಿಗೆ ತೆಂಗಿನಕಾಯಿ [40?]". ಪ್ರಶ್ನೆಚಿಹ್ನೆ ಇದ್ದರೆ ಅನುಮಾನವಿದೆ ಎಂದರ್ಥ. ಎರಡು ರೀತಿ ಓದಬಹುದಾದರೆ ಎರಡನ್ನೂ ಬರೆಯಿರಿ. ಅಂಕಿಗಳಲ್ಲಂತೂ ಇನ್ನೂ ಜಾಗ್ರತೆ, ಅಲ್ಲಿ ಸಂದರ್ಭ ಸಹಾಯಕ್ಕೆ ಬರುವುದಿಲ್ಲ. ಮೊತ್ತಕ್ಕೆ ಹೊಂದುವಂತೆ ತಿದ್ದುವುದೂ ಬೇಡ, ಅಜ್ಜನೇ ಕೂಡಿಸುವಾಗ ತಪ್ಪಿರಬಹುದು.

ಸಾಧ್ಯವಾದರೆ ಸಾಲಿನ ಸಂಖ್ಯೆಯನ್ನೂ ಹಾಕಿ. ಆ ಜಾಗವನ್ನು ಕಿಟಕಿಯ ಓರೆ ಬೆಳಕಿನಲ್ಲಿ ಹತ್ತಿರದಿಂದ ಮತ್ತೆ ಫೋಟೋ ತೆಗೆದು ಕಳಿಸುತ್ತೇನೆ. ಮಸಿ ಮಾಸಿದ್ದರೂ ಲೇಖನಿ ಒತ್ತಿದ ಗೆರೆ ಕೆಲವೊಮ್ಮೆ ಕಾಣುತ್ತದೆ.