ತಿಂಗಳಿಗಿಷ್ಟು ಎತ್ತಿಟ್ಟರೂ ಪ್ರೀಮಿಯಂಗೆ ದುಡ್ಡು ಸಾಲೋದಿಲ್ಲ, ಯಾಕೆ?

ಪ್ರಶ್ನೆ: ನಮ್ಮ ಸಂಸ್ಥೆಯ ಕಟ್ಟಡದ ವಿಮೆ ಬಜೆಟ್ ವರ್ಷದ 3ನೇ ತಿಂಗಳಲ್ಲಿ ನವೀಕರಣ, 1,20,000. ಸಿಬ್ಬಂದಿ ವಿಮೆ 10ನೇ ತಿಂಗಳಲ್ಲಿ, 2,40,000. ನಾಲ್ಕು ವಾಹನಗಳಿಗೆ ತಲಾ 15,000, ಅವು 2, 5, 8, 11ನೇ ತಿಂಗಳಲ್ಲಿ ಬರುತ್ತವೆ. ಒಟ್ಟು 4,20,000. ತಿಂಗಳಿಗೆ 35,000 ಎತ್ತಿಡುತ್ತೇನೆ. ಆದರೂ ಕಟ್ಟುವಾಗ ಕೊರತೆ. ತಪ್ಪೆಲ್ಲಿ?

ಆಡಳಿತ ನೋಡುವವರು: ಎಲ್ಲವನ್ನೂ ಒಂದೇ ದಿನಾಂಕಕ್ಕೆ ತಂದುಬಿಡಿ, ತಲೆನೋವು ಮುಗಿಯಿತು.

ಲೆಕ್ಕಪರಿಶೋಧಕರು: ಮುಗಿಯೋದಿಲ್ಲ, ಒಂದೇ ತಿಂಗಳಿಗೆ ಪೂರ್ತಿ ಭಾರ ಬೀಳುತ್ತದೆ. ವಾಹನಗಳನ್ನು ಮಾತ್ರ ಒಟ್ಟಿಗೆ ತಂದರೆ ಓಡಾಟ ಉಳಿಯುತ್ತದೆ, ಅದು ನಿಜ. ಆದರೆ ನಡುವೆ ಕೆಲವೇ ತಿಂಗಳ ಪಾಲಿಸಿ ಬೇಕಾಗಬಹುದು. ಅದರ ದರ ದಿನದ ಲೆಕ್ಕಕ್ಕಿಂತ ಜಾಸ್ತಿ ಇರೋದೇ ಹೆಚ್ಚು, ಮೊದಲು ಕೇಳಿ ನೋಡಿ.

ಇನ್ನು ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ: ಭಾಗಾಕಾರ ಸರಿಯಿದೆ, ಸೊನ್ನೆಯಿಂದ ಶುರುಮಾಡಿದ್ದೇ ಎಡವಟ್ಟು. 3ನೇ ತಿಂಗಳ ಕೊನೆಗೆ 1,05,000 ಎತ್ತಿಟ್ಟಿರುತ್ತೀರಿ. ಅಷ್ಟರಲ್ಲಿ ಕಟ್ಟಬೇಕಾದದ್ದು 1,35,000. ಅಲ್ಲೇ 30,000 ಕೊರತೆ. ಹೀಗೇ ಮುಂದೆ ಹೋಗಿ. 10ನೇ ತಿಂಗಳಿಗೆ ಎತ್ತಿಟ್ಟದ್ದು 3,50,000, ಕಟ್ಟಬೇಕಾದದ್ದು 4,05,000, ಕೊರತೆ 55,000. ಅತಿ ದೊಡ್ಡ ಕೊರತೆ ಇದೇ. ವರ್ಷದ ಶುರುವಿಗೇ 55,000 ಈ ಖಾತೆಯಲ್ಲಿದ್ದು, ಆಯಾ ತಿಂಗಳ 35,000 ಪ್ರೀಮಿಯಂ ಕಟ್ಟುವ ಮೊದಲೇ ಸೇರಿದರೆ ಯಾವ ತಿಂಗಳೂ ಕೈಕಟ್ಟೋದಿಲ್ಲ. ವರ್ಷದ ಕೊನೆಗೆ ಅದೇ 55,000 ಉಳಿದು ಮುಂದಿನ ವರ್ಷಕ್ಕೂ ಕೆಲಸಕ್ಕೆ ಬರುತ್ತದೆ.

ಶಾಲೆಯೊಂದರ ಗುಮಾಸ್ತರು: ನಮ್ಮದು ಬೇರೆ ಕಥೆ. ದುಡ್ಡಿತ್ತು, ದಿನಾಂಕ ಮರೆತೆವು. ವಾಹನದ ಪಾಲಿಸಿ ಮುಗಿದು ಹನ್ನೊಂದು ದಿನ ಆಗಿತ್ತು. ನವೀಕರಿಸುವ ಮೊದಲು ಗಾಡಿ ನೋಡಲು ಬಂದ ವಿಮಾ ಕಂಪನಿಯವರು ಬಂಪರ್‌ನ ಗೀರಿಗೂ ಫೋಟೊ ತೆಗೆದರು!

ಪ್ರಶ್ನೆ ಕೇಳಿದವರು: 55,000 ಅರ್ಥವಾಯಿತು. ಮುಂದಿನ ಬಜೆಟ್‌ಗೆ ಈ ವರ್ಷದ ಪುಸ್ತಕದಲ್ಲಿರುವ ವಿಮಾ ಖರ್ಚನ್ನೇ ಹಾಕಿದರೆ ಸಾಕಲ್ವಾ?

ಲೆಕ್ಕಪರಿಶೋಧಕರು: ಇಲ್ಲಿ ಇನ್ನೊಂದು ಗುಂಡಿ ಇದೆ. ನಿಮ್ಮ ಸಿಬ್ಬಂದಿ ಪ್ರೀಮಿಯಂ ಕಳೆದ ಬಾರಿ 1,92,000 ಇತ್ತು ಅಂದುಕೊಳ್ಳಿ. ನವೀಕರಣ 10ನೇ ತಿಂಗಳ 1ರಂದು. ಪುಸ್ತಕದಲ್ಲಿ ಒಂಬತ್ತು ತಿಂಗಳು ಹಳೇ ದರ, ಅಂದರೆ 1,44,000. ಮೂರು ತಿಂಗಳು ಹೊಸ ದರ, 60,000. ಖರ್ಚು 2,04,000 ಅಂತ ಕಾಣುತ್ತದೆ, ಕೈಯಿಂದ ಹೋದದ್ದು 2,40,000. ಅದರಲ್ಲಿ ಈ ವರ್ಷದ 60,000 ಕಳೆದು ಉಳಿದ 1,80,000 ಮುಂಗಡವಾಗಿ ಮುಂದಿನ ವರ್ಷಕ್ಕೆ ಹೋಗುತ್ತದೆ. 2,04,000 ನೋಡಿ ಬಜೆಟ್ ಮಾಡಿದರೆ ದರ ಏರದಿದ್ದರೂ 36,000 ಕಡಿಮೆ ಬೀಳುತ್ತದೆ. ಹಾಗಾಗಿ ಹಣದ ಬಜೆಟ್‌ಗೆ ಪಾಲಿಸಿಯ ರಸೀದಿ ನೋಡಿ, ಖಾತೆ ಪುಸ್ತಕ ಬೇಡ.

ಸಿಬ್ಬಂದಿ ವಿಮೆಯ ದರ ಹಿಂದಿನ ವರ್ಷದ ಕ್ಲೇಮ್ ನೋಡಿ ಏರುತ್ತದೆ. ಎರಡು ತಿಂಗಳು ಮೊದಲೇ ಕ್ಲೇಮ್ ಪಟ್ಟಿ ತರಿಸಿಕೊಳ್ಳಿ.

ಆಡಳಿತ ನೋಡುವವರು: ಏರಿಕೆಗೆ ಎಷ್ಟು ಹೆಚ್ಚುವರಿ ಇಡೋದು? ನಮ್ಮಲ್ಲಿ ಪ್ರತಿ ಸಲವೂ ಇದೇ ಜಗಳ.

ಲೆಕ್ಕಪರಿಶೋಧಕರು: ಪಟ್ಟಿ ಕೈಗೆ ಬರುವ ತನಕ ಅದು ಅಂದಾಜೇ. ನಮ್ಮಲ್ಲೂ ಜಗಳ ನಿಂತಿಲ್ಲ.