ಸಹಾಯ ಬೇಕು: ಪಿಎಚ್‌ಡಿಗೆ ಹೊರಟಿದ್ದೇನೆ, ರಾಜೀನಾಮೆ ಪತ್ರ ಹೇಗೆ ಬರೆಯಲಿ?

ನಮಸ್ಕಾರ. ಸೋಮವಾರಪೇಟೆ ಹತ್ತಿರದ ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್ ನಾನು. ಮೈಸೂರಿನಲ್ಲಿ ಪೂರ್ಣಾವಧಿ ಪಿಎಚ್‌ಡಿಗೆ ಸೀಟು ಸಿಕ್ಕಿದೆ. ಸೇರುವಾಗ ರಿಲೀವಿಂಗ್ ಆರ್ಡರ್ ಕೊಡಬೇಕು, ಇನ್ನು ಒಂದೇ ತಿಂಗಳಿದೆ. ಆದರೆ ನನ್ನ ನೇಮಕಾತಿ ಆದೇಶದಲ್ಲಿ ಮೂರು ತಿಂಗಳ ನೋಟಿಸ್, ಇಲ್ಲವೇ ಅಷ್ಟು ದಿನದ ಸಂಬಳ ಕಟ್ಟಬೇಕು ಅಂತಿದೆ.

ಹೆಡ್‌ಮಾಸ್ಟರ್ ಹತ್ತಿರ ಮಾತಾಡಿದೆ. "ಎಸ್ಸೆಸ್ಸೆಲ್ಸಿ ಮಕ್ಕಳನ್ನು ನಡುವೆ ಬಿಟ್ಟು ಹೋಗ್ತೀರಾ ಮೇಡಂ?" ಅಂದರು. ಈ ಮಳೆಗಾಲದಲ್ಲಿ ಇಲ್ಲಿಗೆ ಬೇರೆ ಟೀಚರ್ ಬರುವುದೂ ಕಷ್ಟ, ಅವರ ಮಾತು ಸುಳ್ಳಲ್ಲ. ಸೇರುವ ದಿನ ಮುಂದೂಡಿ ಅಂತ ಕೇಳಿದರೆ ವಿಶ್ವವಿದ್ಯಾಲಯದವರೂ ಒಪ್ಪಲಿಲ್ಲ.

ಪತ್ರದಲ್ಲಿ ಕಾರಣ, ಮುಗಿಸಿಕೊಡುವ ಪಾಠಗಳು ಎಲ್ಲ ಬರೆದಿದ್ದೇನೆ, ಪ್ರವೇಶ ಪತ್ರದ ನಕಲೂ ಇಟ್ಟಿದ್ದೇನೆ. ಸಿಕ್ಕಿಕೊಂಡಿರುವುದು ಒಂದೇ ಸಾಲಿನಲ್ಲಿ. ಒಂದು ತಿಂಗಳ ನಂತರದ ದಿನಾಂಕ ಹಾಕಿ, ಉಳಿದ ಎರಡು ತಿಂಗಳ ಸಂಬಳ ಕಟ್ಟುತ್ತೇನೆ ಅಂತ ಈಗಲೇ ಬರೆಯಲಾ? ಅಥವಾ ಮೊದಲು ವಿನಾಯಿತಿ ಮಾತ್ರ ಕೇಳಲಾ?