“ಮೂರು ದಿನ ಬಿಟ್ಟು” ಎಂದರೆ ಎಷ್ಟು ದಿನ?

ಬಳಗದ ಎಲ್ಲರಿಗೂ ನಮಸ್ಕಾರ,

ನಮ್ಮೂರ ಹಾಲಿನ ಡೈರಿಗೆ ಒಂದು ವರದಿ ಮಾಡಿಕೊಡುತ್ತಿದ್ದೇನೆ. ಯಾವ ಸದಸ್ಯರು ಯಾವ ತಾರೀಖು ಹಾಲು ಹಾಕಿದರು ಎಂಬುದೆಲ್ಲ ಪೋಸ್ಟ್‌ಗ್ರೆಸ್‌ನ ಒಂದು ಟೇಬಲ್ಲಿನಲ್ಲಿದೆ. ನಡುವೆ ಹಾಲು ನಿಲ್ಲಿಸಿದವರು ಯಾರು, ಎಷ್ಟು ದಿನ ನಿಲ್ಲಿಸಿದರು ಎಂದು ಕಾರ್ಯದರ್ಶಿಯವರು ಕೇಳಿದ್ದಾರೆ. ಪ್ರತಿ ತಾರೀಖಿನಿಂದ ಅದರ ಹಿಂದಿನ ತಾರೀಖನ್ನು ಕಳೆಯುವ ಕ್ವೆರಿ ಬರೆದೆ:

```sql
SELECT sadasya, dina,
  dina - lag(dina) OVER
    (PARTITION BY sadasya ORDER BY dina) AS antara
FROM haalu;
```

ಒಬ್ಬ ಸದಸ್ಯರು ಜೂನ್ 2, 3, 4, 7, 8ರಂದು ಹಾಲು ಹಾಕಿದ್ದಾರೆ ಎನ್ನಿ. ಮೊದಲ ಸಾಲು ಖಾಲಿ, ಆಮೇಲೆ 1, 1, 3, 1 ಎಂದು ಬರುತ್ತದೆ. ಆ ಅಂಕಣಕ್ಕೆ “ಅಂತರ (ದಿನಗಳಲ್ಲಿ)” ಎಂದು ತಲೆಬರಹ ಕೊಟ್ಟೆ. ಕಾರ್ಯದರ್ಶಿಯವರು ನೋಡಿ, “ಇವರು ದಿನಾ ಒಂದೊಂದು ದಿನ ತಪ್ಪಿಸಿದ್ದಾರಾ? ಏಳನೇ ತಾರೀಖಿಗೆ ಮೂರು ದಿನ ತಪ್ಪಿಸಿದ್ದಾರಾ?” ಎಂದು ಕೇಳಿದರು. ತಪ್ಪಿಸಿದ್ದು 5 ಮತ್ತು 6, ಎರಡೇ ದಿನ. ತಲೆಬರಹವನ್ನು “ಎಷ್ಟು ದಿನ ಬಿಟ್ಟು” ಎಂದು ಬದಲಿಸಿದೆ. ಈಗ ಡೈರಿಯಲ್ಲಿ ಇಬ್ಬರು ಒಂದೊಂದು ಥರ ಓದುತ್ತಿದ್ದಾರೆ. ಕಳೆದಾಗ ಬರುವ ಮೂರಕ್ಕೂ ನಿಜವಾಗಿ ತಪ್ಪಿದ ಎರಡಕ್ಕೂ ಕನ್ನಡದಲ್ಲಿ ಗೊಂದಲವಾಗದ ಬೇರೆ ಬೇರೆ ಮಾತು ಇವೆಯೇ?

ಮಂಡ್ಯದಿಂದ

*

ಧಾರವಾಡದಿಂದ:

ನಮ್ಮ ಜನ ದಿನ ಎಣಿಸುವಾಗ ಎರಡೂ ತುದಿ ಹಿಡಿದು ಎಣಿಸುತ್ತಾರೆ ಎಂಬುದನ್ನು ಮರೆಯಬೇಡಿರಿ. ವಾರಕ್ಕೆ “ಎಂಟು ದಿನ” ಅನ್ನುವುದು ಅದಕ್ಕೇ. ಈ ಸೋಮವಾರದಿಂದ ಬರುವ ಸೋಮವಾರದವರೆಗೆ ಎರಡೂ ಸೋಮವಾರ ಸೇರಿಸಿದರೆ ಎಂಟು. ಎರಡು ವಾರಕ್ಕೆ “ಹದಿನೈದು ದಿನ” ಅನ್ನುವುದೂ ಹಾಗೆಯೇ, ಕಳೆದರೆ ಹದಿನಾಲ್ಕು. ಮಗುವಿಗೆ ಹನ್ನೊಂದನೇ ದಿನ ಹೆಸರಿಡುವಾಗಲೂ ಹುಟ್ಟಿದ ದಿನವೇ ಮೊದಲನೆಯದು. ಆದ್ದರಿಂದ ಕ್ವೆರಿ ಕೊಟ್ಟ ಸಂಖ್ಯೆಗೆ ಯಾವಾಗಲೂ ಒಂದು ಕೂಡಿಸಿಬಿಡಿರಿ, ಕನ್ನಡದ ಲೆಕ್ಕಕ್ಕೆ ಸರಿಹೋಗುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ಅನುಭವದಿಂದ ಹೇಳುತ್ತಿದ್ದೇನೆ.

*

ಬೆಂಗಳೂರಿನಿಂದ:

ಎಂಟು ದಿನದ ವಿಷಯ ನೀವು ಹೇಳಿದ್ದು ಸರಿ ಸರ್, ಆದರೆ “ಯಾವಾಗಲೂ ಒಂದು ಕೂಡಿಸಿ” ಎಂಬುದನ್ನು ಒಪ್ಪಲಾರೆ. ಡೈರಿಯ ಲೆಕ್ಕಕ್ಕೆ ಹಾಗೆ ಮಾಡಿದರೆ ತಪ್ಪು ಇನ್ನೂ ದೊಡ್ಡದಾಗುತ್ತದೆ.

4 ಮತ್ತು 7 ಎಂಬ ಎರಡು ತಾರೀಖಿನಿಂದ ಮೂರು ಸಂಖ್ಯೆ ಹೊರಡುತ್ತವೆ. ಕಳೆದರೆ 3. ಎರಡೂ ತುದಿ ಸೇರಿಸಿದರೆ 4, ರಜೆ ಎಷ್ಟು ದಿನ ಎನ್ನುವಾಗ ಇದು ಬೇಕು. ಎರಡೂ ತುದಿ ಬಿಟ್ಟರೆ 2, ಮಂಡ್ಯದವರಿಗೆ ಬೇಕಿರುವುದು ಇದು. ಹಾಗಾಗಿ ಅವರು ಒಂದನ್ನು ಕಳೆಯಬೇಕು, ಫಲ ಸೊನ್ನೆಗಿಂತ ಹೆಚ್ಚಿರುವ ಸಾಲುಗಳನ್ನು ಮಾತ್ರ ತೋರಿಸಬೇಕು. ಆಗ ದಿನಾ ತಪ್ಪದೆ ಹಾಕಿದವರ ಎದುರು “1” ಕಾಣುವುದೇ ಇಲ್ಲ.

ಮಂಡ್ಯದವರೇ, ನಿಮ್ಮ ಟೇಬಲ್ಲಿನಲ್ಲಿ ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ಒಂದೊಂದು ಸಾಲು ಇದೆಯೇ? ಇದ್ದರೆ ಒಂದೇ ತಾರೀಖು ಎರಡು ಸಲ ಬರುತ್ತದೆ, ನಡುವೆ 0 ಕಾಣುತ್ತದೆ, ಒಂದು ಕಳೆದರೆ -1 ಆಗುತ್ತದೆ. ಅದೇ `SELECT` ಮುಂದೆ `DISTINCT` ಬರೆದರೆ ಸಾಲದು, ಏಕೆಂದರೆ `lag` ತನ್ನ ಲೆಕ್ಕ ಮುಗಿಸಿದ ಮೇಲೆ `DISTINCT` ಕೆಲಸಕ್ಕೆ ಬರುತ್ತದೆ. ಮೊದಲು ಒಳಗೆ ತಾರೀಖುಗಳನ್ನು ಒಂದೊಂದೇ ಮಾಡಿಕೊಳ್ಳಿ:

```sql
FROM (SELECT DISTINCT sadasya, dina
      FROM haalu) h
```

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಜೂನ್ 8ಕ್ಕೆ ಹಾಲು ಹಾಕಿ ಆಮೇಲೆ ಬಾರದೇ ಹೋದವರು ನಿಮ್ಮ ವರದಿಯಲ್ಲಿ ಕಾಣುವುದೇ ಇಲ್ಲ. `lag` ಇರುವ ಸಾಲಿನಿಂದ ಹಿಂದಕ್ಕೆ ನೋಡುತ್ತದೆ, ಮುಂದಿನ ಸಾಲೇ ಇಲ್ಲದವರ ಬಗ್ಗೆ ಏನನ್ನೂ ಹೇಳಲಾರದು. ಪೂರ್ತಿ ನಿಲ್ಲಿಸಿದವರೇ ಕಾರ್ಯದರ್ಶಿಯವರಿಗೆ ಮೊದಲು ಕಾಣಬೇಕಾದವರು. ಅವರಿಗಾಗಿ ಪ್ರತಿ ಸದಸ್ಯರ `max(dina)` ತೆಗೆದು ವರದಿಯ ಕೊನೆಯ ತಾರೀಖಿನಿಂದ ಬೇರೆಯಾಗಿ ಕಳೆಯಿರಿ. 30ರ ಸಂಜೆಯವರೆಗಿನ ವರದಿಯಾದರೆ 22 ಬರುತ್ತದೆ. ಇಲ್ಲಿ ಒಂದು ಕಳೆಯಬೇಡಿ, 30ರಂದೂ ಅವರು ಹಾಲು ಹಾಕಿಲ್ಲವಲ್ಲ.

*

ಉಡುಪಿಯಿಂದ:

ದಿನಗಳ ಲೆಕ್ಕದ ಮಾತು ಬಂದದ್ದರಿಂದ ನಮ್ಮ ಮನೆಯ ಕಷ್ಟ ಹೇಳುತ್ತೇನೆ. ಅಮ್ಮ ಹುಟ್ಟಿದ್ದು 1959ರ ನವೆಂಬರ್ 20ಕ್ಕೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು. 2024ರ ಜೂನ್‌ನಲ್ಲಿ ಅರ್ಜಿ ತುಂಬಿಸಿಕೊಟ್ಟವರ ಕಂಪ್ಯೂಟರಿನಲ್ಲಿ ವಯಸ್ಸು 65 ಎಂದೇ ಬಂತು, ಮುಂದೆ ಅರ್ಜಿ ತಿರಸ್ಕಾರವಾಯಿತು. ಆಟೋದಲ್ಲಿ ಎರಡು ಸಲ ಅಲೆದದ್ದು ದಂಡ. ಅಮ್ಮ ಮಾತ್ರ ಮೊದಲಿಂದಲೂ “ನನಗೆ ಅರುವತ್ತೈದು ನಡೀತಾ ಉಂಟು” ಎಂದೇ ಹೇಳುತ್ತಿದ್ದರು. ಇದೂ ಒಂದು ಕೂಡಿಸಿ ಕಳೆಯುವ ತಪ್ಪೇ ಅಲ್ಲವೇ?

*

ಬೆಂಗಳೂರಿನಿಂದ:

ಉಡುಪಿಯ ಅಕ್ಕ, ಇದು ಬೇರೆ ಜಾತಿಯ ತಪ್ಪು. ಅವರ ಪ್ರೋಗ್ರಾಮು 2024ರಲ್ಲಿ 1959 ಕಳೆದಿರಬೇಕು, ತಿಂಗಳು ನೋಡಿಲ್ಲ. ಹಾಗೆ ಮಾಡಿದರೆ ಡಿಸೆಂಬರ್ 31ಕ್ಕೆ ಹುಟ್ಟಿದ ಮಗುವಿಗೆ ಮರುದಿನವೇ ಒಂದು ವರ್ಷ. 365ರಿಂದ ಭಾಗಿಸುವವರೂ ಇದ್ದಾರೆ, ಅಧಿಕ ವರ್ಷಗಳ ದಿನಗಳು ಕೂಡಿಕೊಂಡು 65ರ ಹೊತ್ತಿಗೆ ಹುಟ್ಟುಹಬ್ಬಕ್ಕೆ ಎರಡು ವಾರ ಮೊದಲೇ ವರ್ಷ ತುಂಬಿಬಿಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ತುಂಬಿದ ವರ್ಷ ಬೇಕಾದರೆ

```sql
extract(year FROM age(current_date, huttida_dina))
```

ಎಂದರೆ ಸಾಕು, ನಿಮ್ಮ ಅಮ್ಮನಿಗೆ ಆ ಜೂನ್‌ನಲ್ಲಿ 64 ಎಂದೇ ಹೇಳುತ್ತಿತ್ತು. ಅಮ್ಮನ ಮಾತು ಎಷ್ಟು ನಿಖರ ನೋಡಿ. 64 ತುಂಬಿದ ಮೇಲೆ “65 ನಡೆಯುತ್ತಿದೆ”. “ತುಂಬಿದೆ” ಮತ್ತು “ನಡೆಯುತ್ತಿದೆ” ಎಂದು ಕನ್ನಡದಲ್ಲಿ ಬೇರೆಬೇರೆ ಮಾತಿರುವಾಗ ಫಾರಂನಲ್ಲಿ ಬರಿದೇ “ವಯಸ್ಸು” ಎಂದು ಅಚ್ಚು ಹಾಕುವುದೇಕೆ? “ತುಂಬಿದ ವರ್ಷ” ಎಂದೇ ಹಾಕಬೇಕು.

*

ಧಾರವಾಡದಿಂದ:

ಒಂದು ಕೂಡಿಸುವ ಮಾತು ಹಿಂದಕ್ಕೆ ತಗೊಂಡೆ, ಆ ಸದಸ್ಯರಿಗೆ ನಾನು ಎರಡರ ಬದಲು ನಾಲ್ಕು ದಿನ ಹಚ್ಚಿಬಿಡುತ್ತಿದ್ದೆ. ಆದರೆ ಮೂಲ ಪ್ರಶ್ನೆ “ಬಿಟ್ಟು” ಎಂಬುದರದ್ದು, ಅದಕ್ಕೆ ಯಾರೂ ಉತ್ತರಿಸಿಲ್ಲ.

“ದಿನ ಬಿಟ್ಟು ದಿನ” ಎಂದರೆ ಒಂದು ದಿನ ಖಾಲಿ, ಕಳೆದರೆ 2. ಇಲ್ಲಿ ಬಿಡುವುದು ಎಂದರೆ ಹಾರಿಸುವುದು. “ವಾರ ಬಿಟ್ಟು ಬಾ” ಅಂದರೆ ಮಾತ್ರ ಏಳು ದಿನ ಕಳೆದ ಮೇಲೆ ಬಾ ಎಂದರ್ಥ. ಅದೇ ವಾರ “ವಾರ ಬಿಟ್ಟು ವಾರ” ಆದ ಕೂಡಲೇ ಹದಿನಾಲ್ಕಾಗುತ್ತದೆ! ಪದ ಎರಡು ಸಲ ಬಂದರೆ ಹಾರಿಸುವುದು, ಒಂದೇ ಸಲ ಬಂದರೆ ಕಳೆಯುವುದು ಎಂದು ನನ್ನ ಊಹೆ. ಹಾಗಿದ್ದರೆ ಡಾಕ್ಟರು ಸೋಮವಾರ “ಮೂರು ದಿನ ಬಿಟ್ಟು ಬನ್ನಿ” ಎಂದರೆ ಗುರುವಾರ ಹೋಗಬೇಕು. ನಮ್ಮ ಮನೆಯಲ್ಲಿ ಕೇಳಿದೆ. ನನ್ನಾಕೆ ಶುಕ್ರವಾರ ಅನ್ನುತ್ತಾಳೆ, ಮಂಗಳವಾರ, ಬುಧವಾರ, ಗುರುವಾರ ಬಿಡಬೇಕಲ್ಲ ಎಂಬುದು ಅವಳ ವಾದ. ಅದನ್ನೂ ತಪ್ಪೆನ್ನಲಾರೆ.

*

ಮಂಡ್ಯದಿಂದ:

ಎಲ್ಲರಿಗೂ ಧನ್ಯವಾದ. ಬೆಳಗು ಸಂಜೆಗೆ ಎರಡೆರಡು ಸಾಲು ಇದ್ದದ್ದು ನಿಜ, ಸರಿಪಡಿಸಿದೆ. ಕೊನೆಯ ತಾರೀಖಿನ ಪಟ್ಟಿಯನ್ನು ಬೇರೆ ಮಾಡಿದಾಗ, ಹಿಂದಿನ ವರದಿಯಲ್ಲಿ ಹೆಸರೇ ಇಲ್ಲದ ನಾಲ್ಕು ಮನೆಯವರು ಸಿಕ್ಕಿದರು. ಒಬ್ಬರ ಹಸು ಬತ್ತಿದೆಯಂತೆ, ಉಳಿದವರನ್ನು ವಿಚಾರಿಸಬೇಕು.

“ಅಂತರ”, “ಬಿಟ್ಟು” ಎರಡನ್ನೂ ತೆಗೆದುಹಾಕಿದೆ. ಈಗ ಅಂಕಣದ ತಲೆಬರಹ “ಹಾಲು ಹಾಕದ ದಿನಗಳು”, ಪಕ್ಕದಲ್ಲಿ “5ರಿಂದ 6ರವರೆಗೆ” ಎಂದು ತಾರೀಖುಗಳೇ ಇವೆ. ಕಾರ್ಯದರ್ಶಿಯವರು ಮತ್ತೆ ಕೇಳಲಿಲ್ಲ. ಕಳೆದಾಗ ಬರುವ ಮೂರು ಅಲ್ಲಿ ಯಾರಿಗೂ ಬೇಕಿರಲಿಲ್ಲ, ಅದಕ್ಕೆ ಹೆಸರೂ ಸಿಗಲಿಲ್ಲ.

ಡಾಕ್ಟರ ಮಾತಿನ ಬಗ್ಗೆ ನಮ್ಮ ಬೀದಿಯಲ್ಲಿ ಏಳು ಜನರನ್ನು ಕೇಳಿದೆ. ನಾಲ್ವರು ಗುರುವಾರ ಎಂದರು, ಮೂವರು ಶುಕ್ರವಾರ. ಬೇರೆ ಊರಿನವರು ನಿಮ್ಮ ಮನೆಗಳಲ್ಲೂ ಕೇಳಿ ಬರೆಯುತ್ತೀರಾ?